ಬಾದಾಮಿ ಪ್ರವಾಸ: ಖಾಲಿ ಗಾಡಿಯ ಹೊಗೆ ಯಾರ ಲೆಕ್ಕಕ್ಕೆ?

ಲೋಕಾಪುರದಿಂದ ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ ಎರಡು ದಿನದ ಮಟ್ಟಿಗೆ ಹೊರಡುವ ಕುಟುಂಬಗಳಲ್ಲಿ ಬಟ್ಟೆ ಚೀಲ, ಸ್ಟೀಲ್ ಬಾಟಲಿ ಒಯ್ಯುವ ರೂಢಿ ಬೆಳೆಯುತ್ತಿದೆ. ಪರಿಸರದ ಕಾಳಜಿ ಅಷ್ಟಕ್ಕೇ ಮುಗಿಯಿತು ಎಂದುಕೊಳ್ಳುವವರೂ ಬಹಳ. ಅದೇ ಮನೆಯವರನ್ನು ಬಾದಾಮಿಗೆ ಬಿಟ್ಟುಬರಲು ಒಂದು ಕಾರು, ಮರುದಿನ ಕರೆತರಲು ಮತ್ತೆ ಅದೇ ಕಾರು. ಸರಿಪಡಿಸಬೇಕಾದ ಮೊದಲ ತಪ್ಪು ಇದು.

ಪ್ರವಾಸದ ಹೊಗೆ ಲೆಕ್ಕ ಹಾಕುವುದು ಕಷ್ಟವಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈ ಆಕ್ಸೈಡ್, ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ. ಇಂಧನದಲ್ಲಿರುವ ಇಂಗಾಲದ ಜೊತೆ ಗಾಳಿಯ ಆಮ್ಲಜನಕವೂ ಸೇರುವುದರಿಂದ ಲೀಟರ್ ಎಣ್ಣೆಗಿಂತ ಹೊಗೆಯ ತೂಕವೇ ಹೆಚ್ಚು. ಗಾಡಿ ಎಷ್ಟು ಕಿಲೋಮೀಟರ್ ಓಡಿತು, ಲೀಟರಿಗೆ ಎಷ್ಟು ಕೊಟ್ಟಿತು, ಒಳಗೆ ಎಷ್ಟು ಜನ ಕೂತಿದ್ದರು ಎಂಬ ಮೂರು ವಿಷಯ ಗೊತ್ತಿದ್ದರೆ ಸಾಕು.

ಮೊದಲು ದಾರಿ. ಹೆಚ್ಚಿನವರು ಕಲಾದಗಿ, ಬಾಗಲಕೋಟೆ ಮೇಲೆ ಬಾದಾಮಿಗೆ ಹೋಗಿ, ಪಟ್ಟದಕಲ್ಲು, ಐಹೊಳೆ ನೋಡಿಕೊಂಡು ಮತ್ತೆ ಬಾದಾಮಿಗೆ ಬಂದು, ಹೋದ ದಾರಿಯಲ್ಲೇ ಮರಳುತ್ತಾರೆ. ಐಹೊಳೆಯಿಂದ ಹಿಂದಕ್ಕೆ ಬರುವ ಅಗತ್ಯವೇ ಇಲ್ಲ. ಅಲ್ಲಿಂದ ಹತ್ತು-ಹನ್ನೆರಡು ಕಿಲೋಮೀಟರಿನಲ್ಲಿ ಅಮೀನಗಡ ಸಿಗುತ್ತದೆ. ಅದು ಬಾಗಲಕೋಟೆ-ಹುನಗುಂದ ಹೆದ್ದಾರಿಯ ಊರು. ಹೀಗೆ ಸುತ್ತಿ ಬಂದರೆ ಇಪ್ಪತ್ತೈದು-ಮೂವತ್ತು ಕಿಲೋಮೀಟರ್ ಉಳಿಯುತ್ತದೆ. ಇಡೀ ಪ್ರವಾಸ ಸುಮಾರು 210 ಕಿಲೋಮೀಟರಿಗೆ ಮುಗಿಯುತ್ತದೆ, ಕರದಂಟೂ ಅದಕ್ಕೆ ಹೆಸರಾದ ಊರಲ್ಲೇ ಸಿಗುತ್ತದೆ.

ಈಗ ಗಾಡಿ. ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರು ಈ 210 ಕಿಲೋಮೀಟರಿಗೆ 14 ಲೀಟರ್ ಕುಡಿಯುತ್ತದೆ. ಹೊಗೆ 32 ಕಿಲೋ. ಗಂಡ-ಹೆಂಡತಿ ಇಬ್ಬರೇ ಇದ್ದರೆ ತಲಾ 16, ಐವರಿದ್ದರೆ ತಲಾ ಆರೂವರೆ. ಡೀಸೆಲ್ ಟ್ರ್ಯಾಕ್ಸ್ ಲೀಟರಿಗೆ 12 ಕೊಟ್ಟರೂ ಹತ್ತು ಜನ ಕೂತಾಗ ತಲಾ ಐದು ಕಿಲೋ ದಾಟುವುದಿಲ್ಲ. ಹಾಗಾಗಿ ಟ್ರ್ಯಾಕ್ಸ್ ಹಳೆಯದು, ಹೊಗೆ ಉಗುಳುತ್ತದೆ ಎಂದು ಎರಡು ಕಾರು ಮಾಡಿಕೊಂಡು ಹೋಗುವುದು ತಪ್ಪು ಲೆಕ್ಕ. ಸಾರಿಗೆ ಸಂಸ್ಥೆಯ ಬಸ್ಸು ಲೀಟರಿಗೆ ಐದು ಕಿಲೋಮೀಟರ್ ಓಡಿ ನಲವತ್ತು ಜನರನ್ನು ಹೊತ್ತರೆ ಇಷ್ಟೇ ದೂರಕ್ಕೆ ಒಬ್ಬರ ಪಾಲು ಮೂರು ಕಿಲೋಗಿಂತ ಕಡಿಮೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಈ ಬಸ್ಸುಗಳಲ್ಲಿ ಟಿಕೆಟ್ಟಿನ ಖರ್ಚೂ ಇಲ್ಲ.

ಬಿಟ್ಟುಬರುವ ಕಾರಿನ ವಿಷಯ ಇಲ್ಲಿ ಬರುತ್ತದೆ. ಲೋಕಾಪುರದಿಂದ ಬಾದಾಮಿಗೆ ಸುಮಾರು 85 ಕಿಲೋಮೀಟರ್. ಇಬ್ಬರನ್ನು ಬಿಟ್ಟು ಕಾರು ಖಾಲಿ ಮರಳಿದರೆ 170. ಮರುದಿನ ಖಾಲಿ ಹೋಗಿ ಕರೆತಂದರೆ ಇನ್ನೊಂದು 170. ಒಟ್ಟು 340 ಕಿಲೋಮೀಟರ್, ಹೆಚ್ಚುಕಡಿಮೆ 23 ಲೀಟರ್, 52 ಕಿಲೋ ಹೊಗೆ. ತಲಾ 26 ಆಯಿತು. ಪಟ್ಟದಕಲ್ಲು, ಐಹೊಳೆಗೆ ಮಾಡಿಕೊಂಡ ಬಾಡಿಗೆ ಗಾಡಿಯದು ಬೇರೆ. ಅದೇ ಕಾರನ್ನು ಬಾದಾಮಿಯಲ್ಲೇ ಒಂದು ರಾತ್ರಿ ನಿಲ್ಲಿಸಿಕೊಂಡಿದ್ದರೆ 32 ಕಿಲೋದಲ್ಲಿ ಎಲ್ಲವೂ ಮುಗಿಯುತ್ತಿತ್ತು. ‘ನಾವು ಕೂತದ್ದು ಹೋಗುವಾಗ, ಬರುವಾಗ ಮಾತ್ರ’ ಎನ್ನುತ್ತಾರೆ. ಗಾಡಿ ಖಾಲಿ ಓಡಿದ್ದೂ ಅವರಿಗಾಗಿಯೇ. ಚಾಲಕರ ರಾತ್ರಿ ಭತ್ಯೆ ಉಳಿಸಲು ಹೀಗೆ ಮಾಡುವವರೇ ಹೆಚ್ಚು. ಆದರೆ 130 ಕಿಲೋಮೀಟರ್ ಹೆಚ್ಚುವರಿ ಎಣ್ಣೆಯ ಬೆಲೆ ಹಾಕಿ ನೋಡಿದರೆ ಎಷ್ಟೋ ಸಲ ಉಳಿತಾಯವೂ ಇರುವುದಿಲ್ಲ. ಬಾಡಿಗೆ ಮಾತಾಡುವಾಗ ‘ಗಾಡಿ ಮರಳಿ ಖಾಲಿ ಬರುತ್ತದೆಯೇ’ ಎಂದು ಕೇಳಬೇಕು. ಬರುತ್ತದೆ ಎಂದರೆ ದೂರವನ್ನು ದುಪ್ಪಟ್ಟು ಹಿಡಿಯಬೇಕು. ಯಾರಾದರೂ ಬಿಟ್ಟುಬರಲೇಬೇಕು ಎಂದಾದರೆ ಊರಿನ ಬಸ್ ನಿಲ್ದಾಣದ ತನಕ ಸಾಕು.

ಬಸ್ಸಿನಲ್ಲಿ ಹೋಗುವವರು ಬಾಗಲಕೋಟೆಯಲ್ಲಿ ನವನಗರದಲ್ಲಿ ಇಳಿಯಬೇಕೋ ಹಳೇ ಊರಿನಲ್ಲೋ ಎಂದು ಕಂಡಕ್ಟರ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಬೇಕು. ಬಾಗಲಕೋಟೆಯಿಂದ ಬಾದಾಮಿಗೆ ರೈಲೂ ಇದೆ, ಆದರೆ ಸ್ಟೇಷನ್ ಇರುವುದು ಊರಿಂದ ಐದು ಕಿಲೋಮೀಟರ್ ದೂರ. ಅಲ್ಲಿ ಇಳಿದವರು ಇಡೀ ಆಟೋ ಬಾಡಿಗೆ ಹಿಡಿಯುವ ಬದಲು ನಾಲ್ಕು ಜನ ಕೂಡಿದ ಟಂಟಂ ಹತ್ತಬಹುದು. ಪಟ್ಟದಕಲ್ಲಿಗೆ ಹೋಗುವ ದಿನ ಬೆಳಗಿನ ಬಸ್ಸನ್ನೇ ಹಿಡಿಯಬೇಕು. ಐಹೊಳೆ ಕಡೆಗೆ ಬಸ್ಸು ಕಡಿಮೆ, ಅಮೀನಗಡದ ಬಸ್ಸಿನ ಸಮಯವನ್ನು ಐಹೊಳೆಯಲ್ಲಿ ಇಳಿದ ಕೂಡಲೇ ವಿಚಾರಿಸಬೇಕು. ದೇವಾಲಯ ನೋಡಿ ಆಮೇಲೆ ಕೇಳಿದರಾಯಿತು ಎಂದವರು ಸಂಜೆ ದುಬಾರಿ ಜೀಪ್ ಹಿಡಿಯುವಂತಾಗುತ್ತದೆ.

ತಂಗುವ ಜಾಗ ಆರಿಸುವಾಗ ಫಲಕದ ಮೇಲಿನ ಹಸಿರು ಎಲೆಯ ಚಿತ್ರ ನಂಬಿಕೊಳ್ಳಬಾರದು. ಬಾದಾಮಿಯಲ್ಲಿ ಬಸ್ ನಿಲ್ದಾಣದಿಂದ ಗುಹೆಗಳಿಗೆ ನಡೆದೇ ಹೋಗಬಹುದು. ಆದ್ದರಿಂದ ಊರೊಳಗೇ ಕೋಣೆ ಹಿಡಿದರೆ ಒಂದು ದಿನದ ಓಡಾಟ ಕಾಲ್ನಡಿಗೆಯಲ್ಲಿ ಮುಗಿಯುತ್ತದೆ. ಊರ ಹೊರಗಿನ ರೆಸಾರ್ಟಿಗೆ ಹೋದರೆ ಪ್ರತಿ ಸಲ ಗಾಡಿ ಬೇಕು. ಫೋನಿನಲ್ಲೇ ಮೂರು ಪ್ರಶ್ನೆ ಕೇಳಬೇಕು: ಬಾಟಲಿ ತುಂಬಿಕೊಳ್ಳಲು ಫಿಲ್ಟರ್ ನೀರು ಇದೆಯೇ, ಬಿಸಿನೀರು ಸೋಲಾರ್‌ದೋ ಗೀಸರ್‌ದೋ, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ. ಕೊನೆಯ ಪ್ರಶ್ನೆಗೆ ಸರಿಯಾದ ಉತ್ತರ ಬಾರದ ಕಡೆ ಸ್ವಲ್ಪ ಅನುಮಾನ ಇಟ್ಟುಕೊಳ್ಳುವುದೇ ಒಳ್ಳೆಯದು. ಒಂದೇ ರಾತ್ರಿಗೆ ಹಾಸಿಗೆ-ಟವೆಲ್ ಎರಡನೆಯ ಸಲ ಬದಲಿಸಬೇಡಿ ಎಂದು ಹೇಳುವುದೂ ಬರಗಾಲದ ಈ ಸೀಮೆಯಲ್ಲಿ ಸಣ್ಣ ಮಾತಲ್ಲ. ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಸಾಬೂನು ಬಿಚ್ಚಲೇಬಾರದು.

ಪ್ಲಾಸ್ಟಿಕ್ಕಿನಲ್ಲಿ ಜನ ಮೋಸಹೋಗುವುದು ‘ಬಟ್ಟೆಯಂಥ’ ಚೀಲದಲ್ಲಿ. ಅಂಗಡಿಗಳು ಕೊಡುವ ಬಣ್ಣಬಣ್ಣದ, ಮೇಲೆಲ್ಲ ಸಣ್ಣ ಚುಕ್ಕಿ ಒತ್ತಿದ ಚೀಲವನ್ನು ಬೆಳಕಿಗೆ ಹಿಡಿದು ನೋಡಿ. ನೇಯ್ಗೆಯ ಹಾಸು-ಹೊಕ್ಕು ಕಾಣುವುದಿಲ್ಲ. ಅಂಚು ಹರಿದರೆ ನೂಲು ಬಿಡುವುದಿಲ್ಲ. ಅದು ಪಾಲಿಪ್ರೊಪಿಲೀನ್, ಪ್ಲಾಸ್ಟಿಕ್ಕೇ. ಪಕ್ಕದ ರಬಕವಿ-ಬನಹಟ್ಟಿಯಲ್ಲಿ ನೇಕಾರರೇ ಇರುವಾಗ ಇಂಥದ್ದನ್ನು ಹೊತ್ತು ಹೋಗುವುದು ನೋವಿನ ಸಂಗತಿ. ಬಾದಾಮಿ ಗುಹೆಗಳ ಹತ್ತಿರ ಕೋತಿಗಳು ಚೀಲದ ಸದ್ದಿಗೇ ಓಡಿಬಂದು ಕಸಿದು, ಹರಿದು ಬಂಡೆಯ ಸಂದಿನಲ್ಲಿ ಬಿಡುತ್ತವೆ. ಅಲ್ಲಿಂದ ಅದನ್ನು ಯಾರೂ ಎತ್ತಲಾರರು. ತಿನಿಸನ್ನು ಕೋಣೆಯಲ್ಲೇ ಬಿಟ್ಟು ಮೇಲೇರಬೇಕು.

ಉಳಿದದ್ದು ಚುಟುಕಾಗಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಟ್ಟೆಯಲ್ಲಿ ಕಟ್ಟಿಕೊಂಡರೆ ಎರಡು ದಿನ ಕೆಡುವುದಿಲ್ಲ. ಬನಶಂಕರಿಯಲ್ಲಿ ಬುಟ್ಟಿ ಇಟ್ಟು ರೊಟ್ಟಿ, ಪಲ್ಯ, ಕುಡಿಕೆಯ ಮೊಸರು ಮಾರುವ ಅಮ್ಮಂದಿರ ಮುಂದೆ ಮನೆಯ ತಟ್ಟೆಯನ್ನೇ ಹಿಡಿಯಬಹುದು. ಪೇಪರ್ ಕಪ್ಪಿನ ಒಳಗೂ ಸಾಮಾನ್ಯವಾಗಿ ಪ್ಲಾಸ್ಟಿಕ್ ಲೇಪ ಇರುತ್ತದೆ, ಚಹಾಕ್ಕೆ ಗಾಜಿನ ಲೋಟ ಕೇಳಿ. ಕರದಂಟಿಗೆ ಒಂದು ಖಾಲಿ ಸ್ಟೀಲ್ ಡಬ್ಬಿ ಮನೆಯಿಂದಲೇ ತೆಗೆದುಕೊಂಡು ಹೋಗಿ. ಅಂಗಡಿಯವರು ತೂಗಿ ಅದರಲ್ಲೇ ಹಾಕಿಕೊಡುತ್ತಾರೆಯೇ ಎಂದು ತೂಗುವ ಮೊದಲೇ ಕೇಳಬೇಕು.