ಲಾಗಿನ್ ಆಗಿದೆ, ಆದರೆ ಕೆಲಸದ ಪಟ್ಟಿ ಕಾಣುತ್ತಿಲ್ಲ: ಇ-ಮೇಲ್ ಬರೆಯುವುದು ಹೇಗೆ?



ನಮ್ಮ ಸಿರುಗುಪ್ಪ, ಕುರುಗೋಡು ಕಡೆಯ ಸಂಘಗಳಿಂದ ಹಲವು ಮಹಿಳೆಯರು ಉದ್ಯೋಗ ಖಾತರಿ ಕೆಲಸದಲ್ಲಿ ಕಾಯಕ ಬಂಧುಗಳಾಗಿ ದುಡಿದಿದ್ದಾರೆ. ಕೂಲಿಕಾರರ ಹಾಜರಿ ಹಾಕುವುದು ಅವರ ಮುಖ್ಯ ಜವಾಬ್ದಾರಿ. ಮೊದಲು ಈ ಹಾಜರಿ ಕಾಗದದ ಎನ್‌ಎಂಆರ್‌ನಲ್ಲಿತ್ತು. 2022ರ ಮೇ 16ರಿಂದ 20 ಮತ್ತು ಅದಕ್ಕಿಂತ ಹೆಚ್ಚು ಕೂಲಿಕಾರರಿರುವ ಕಾಮಗಾರಿಗಳಿಗೆ ಎನ್‌ಎಂಎಂಎಸ್ ಎಂಬ ಮೊಬೈಲ್ ಆ್ಯಪ್ ಕಡ್ಡಾಯವಾಯಿತು. 2023ರ ಜನವರಿ 1ರಿಂದ ವೈಯಕ್ತಿಕ ಕಾಮಗಾರಿ ಬಿಟ್ಟು ಉಳಿದೆಲ್ಲಕ್ಕೂ ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ ಫೋಟೋ, ಅದರ ಮೇಲೆ ಹಾಜರಿ, ಹಾಜರಿಯ ಮೇಲೆ ಕೂಲಿ.

ಇದರಲ್ಲಿ ಪದೇ ಪದೇ ಕೇಳಿಬಂದ ತೊಂದರೆ ಒಂದಿದೆ. "ಲಾಗಿನ್ ಸರಿಯಾಗೇ ಆಗ್ತದ್ರಿ, ಆದ್ರೆ ನಮ್ಮ ಎನ್‌ಎಂಆರ್ ಕಾಣವಲ್ದು." ಕೂಲಿಕಾರರು ಗುದ್ದಲಿ ಹಿಡಿದು ನಿಂತಿರುತ್ತಾರೆ, ಮೊಬೈಲಿನಲ್ಲಿ ಪಟ್ಟಿ ಖಾಲಿ. 2025-26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ. 20 ಜನರ ಒಂದು ದಿನದ ಹಾಜರಿ ಬೀಳದಿದ್ದರೆ 7,400 ರೂಪಾಯಿ ಕೂಲಿಗೆ ತೊಡಕು. ಅಂಥ ಹೊತ್ತಿನಲ್ಲಿ ತಾಲ್ಲೂಕು ಪಂಚಾಯಿತಿಯ ಎಂಐಎಸ್ ಸಂಯೋಜಕರಿಗೆ, ಅಂದರೆ ಕಂಪ್ಯೂಟರ್ ವಿಭಾಗದವರಿಗೆ, ಏನು ಬರೆಯಬೇಕು ಎಂಬುದೇ ಈ ಪಾಠ.

ಮೊದಲು ತಿಳಿಯಬೇಕಾದದ್ದು

ಲಾಗಿನ್ ಬೇರೆ, ಪಟ್ಟಿ ಬೇರೆ. ಲಾಗಿನ್ ಆಯಿತೆಂದರೆ "ಈಕೆ ಯಾರು" ಎಂದು ಯಂತ್ರಕ್ಕೆ ಗೊತ್ತಾಯಿತು, ಅಷ್ಟೆ. "ಈಕೆಗೆ ಇವತ್ತು ಯಾವ ಕೆಲಸ" ಎಂಬುದನ್ನು ಕಚೇರಿಯ ಕಂಪ್ಯೂಟರಿನಲ್ಲಿ ಬೇರೆಯಾಗಿ ಜೋಡಿಸುತ್ತಾರೆ. ಬ್ಯಾಂಕಿನಲ್ಲಿ ನಮ್ಮ ಖಾತೆ ಇರುವುದು ಒಂದು, ಅದಕ್ಕೆ ಸಂಘದ ಸಾಲ ಜಮಾ ಆಗುವುದು ಇನ್ನೊಂದು, ಹಾಗೆಯೇ ಇದೂ.

ಆದ್ದರಿಂದ "ಆ್ಯಪ್ ಕೆಲಸ ಮಾಡ್ತಿಲ್ಲ ಸರ್" ಎಂದಷ್ಟೇ ಬರೆದರೆ "ಪಾಸ್‌ವರ್ಡ್ ಬದಲಿಸಿ ನೋಡಿ" ಎಂಬ ಉತ್ತರ ಬರುತ್ತದೆ. ಬದಲಿಸಿದರೂ ಪಟ್ಟಿ ಖಾಲಿಯೇ ಇರುತ್ತದೆ, ಅರ್ಧ ದಿನ ಹೋಗುತ್ತದೆ.

ಬರೆಯುವ ಮುಂಚೆ ಮೂರು ಪರೀಕ್ಷೆ

ಒಂದು, ಎನ್‌ಎಂಆರ್‌ನ ದಿನಾಂಕ ನೋಡಿ. ಪ್ರತಿ ಎನ್‌ಎಂಆರ್‌ಗೆ ಆರಂಭದ ದಿನ, ಮುಗಿಯುವ ದಿನ ಇರುತ್ತದೆ. ಅದು ನಾಳೆ ಶುರುವಾಗುವುದಿದ್ದರೆ, ನಿನ್ನೆಗೇ ಮುಗಿದಿದ್ದರೆ ಅಥವಾ ಇನ್ನೂ ತೆಗೆದೇ ಇಲ್ಲದಿದ್ದರೆ, ಇವತ್ತು ಕಾಣುವುದಿಲ್ಲ. ಇದಕ್ಕೆ ಪಂಚಾಯಿತಿಯಲ್ಲೇ ಉತ್ತರ ಸಿಗುತ್ತದೆ.

ಎರಡು, ಅದೇ ಪಂಚಾಯಿತಿಯ ಇನ್ನೊಬ್ಬ ಕಾಯಕ ಬಂಧುವನ್ನು ಕೇಳಿ. ಅವರಿಗೂ ಪಟ್ಟಿ ಬರುತ್ತಿಲ್ಲವಾದರೆ ದೋಷ ಸರ್ವರ್‌ನಲ್ಲಿ ಅಥವಾ ನೆಟ್‌ವರ್ಕ್‌ನಲ್ಲಿ ಇರಬಹುದು. ಅವರಿಗೆ ಬಂದು ನಿಮಗೆ ಮಾತ್ರ ಬರದಿದ್ದರೆ ದೋಷ ನಿಮ್ಮ ಜೋಡಣೆಯಲ್ಲಿ ಅಥವಾ ನಿಮ್ಮ ಮೊಬೈಲಿನಲ್ಲಿದೆ.

ಮೂರು, ಸಾಧ್ಯವಾದರೆ ಬೇರೆ ಮೊಬೈಲಿನಲ್ಲಿ ನಿಮ್ಮದೇ ಲಾಗಿನ್ ಹಾಕಿ ನೋಡಿ. ಅಲ್ಲಿ ಪಟ್ಟಿ ಬಂದರೆ ನಿಮ್ಮ ಮೊಬೈಲಿನ ಆ್ಯಪ್ ಹಳೆಯದಾಗಿರಬಹುದು. ಅಲ್ಲೂ ಖಾಲಿ ಇದ್ದರೆ ಜೋಡಣೆಯ ಮೇಲೆಯೇ ಅನುಮಾನ ಬರುತ್ತದೆ. ನೋಡಿದ ಮೇಲೆ ಆ ಮೊಬೈಲಿನಿಂದ ಲಾಗ್ ಔಟ್ ಆಗುವುದನ್ನು ಮರೆಯಬೇಡಿ.

ಒಂದು ಎಚ್ಚರಿಕೆ. ಆ್ಯಪನ್ನು ತೆಗೆದು ಮತ್ತೆ ಹಾಕಿಕೊಳ್ಳಲು ಯಾರಾದರೂ ಹೇಳಿದರೆ ಅವಸರ ಮಾಡಬೇಡಿ. ನೆಟ್‌ವರ್ಕ್ ಇಲ್ಲದಾಗ ತೆಗೆದ, ಇನ್ನೂ ಮೇಲಕ್ಕೆ ಕಳಿಸದ ಹಾಜರಿ ಮೊಬೈಲಿನಲ್ಲೇ ಇರುತ್ತದೆ. ಆ್ಯಪ್ ತೆಗೆದರೆ ಅದೂ ಹೋಗಬಹುದು. ಮೊದಲು ಅದನ್ನು ಕಳಿಸಿ, ಆಮೇಲೆ ಮುಂದಿನ ಮಾತು.

ಒಂದು ಮಾದರಿ

ಸಿರುಗುಪ್ಪ ತಾಲ್ಲೂಕಿನ ಒಂದು ಊರಲ್ಲಿ ಕೆರೆ ಹೂಳೆತ್ತುವ ಕೆಲಸ ಎಂದು ಇಟ್ಟುಕೊಳ್ಳೋಣ. ಸೋಮವಾರ ಬೆಳಿಗ್ಗೆ 20 ಜನ ಬಂದಿದ್ದಾರೆ, ಪಟ್ಟಿ ಖಾಲಿ. ಕಾಯಕ ಬಂಧು ಮೂರೂ ಪರೀಕ್ಷೆ ಮಾಡಿ, ಹೀಗೆ ಬರೆಯಬಹುದು:

ವಿಷಯ: ಲಾಗಿನ್ ಸರಿಯಿದೆ, ಎನ್‌ಎಂಆರ್ 4127 ನನ್ನ ಪಟ್ಟಿಯಲ್ಲಿ ಕಾಣುತ್ತಿಲ್ಲ – ಇಂದಿನ ಹಾಜರಿ ಬಾಕಿ

ಮಾನ್ಯರೇ,
ನಾನು (ಹೆಸರು), (ಗ್ರಾಮ ಪಂಚಾಯಿತಿ) ಕಾಯಕ ಬಂಧು. ನೋಂದಾಯಿತ ಮೊಬೈಲ್ ಸಂಖ್ಯೆ (…). 12-5-2025ರ ಬೆಳಿಗ್ಗೆ 7.10ಕ್ಕೆ ಎನ್‌ಎಂಎಂಎಸ್‌ನಲ್ಲಿ ಲಾಗಿನ್ ಆಗಿದೆ, ನನ್ನ ಹೆಸರೂ ಪಂಚಾಯಿತಿಯ ಹೆಸರೂ ಸರಿಯಾಗಿ ಬರುತ್ತಿವೆ. ಆದರೆ ಎನ್‌ಎಂಆರ್ ಪಟ್ಟಿ ಖಾಲಿ ಇದೆ.
ಬರಬೇಕಾದದ್ದು: ಎನ್‌ಎಂಆರ್ 4127, ಅವಧಿ 12-5-2025ರಿಂದ 17-5-2025, ಕೆರೆ ಹೂಳೆತ್ತುವ ಕಾಮಗಾರಿ, ಕಾಮಗಾರಿ ಸಂಕೇತ (…), 20 ಕೂಲಿಕಾರರು.
ನೋಡಿದ್ದು: ನೆಟ್‌ವರ್ಕ್ ಇದೆ. ಇನ್ನೊಬ್ಬ ಕಾಯಕ ಬಂಧುವಿಗೆ ಅವರ ಪಟ್ಟಿ ಬರುತ್ತಿದೆ. ಬೇರೆ ಮೊಬೈಲಿನಲ್ಲೂ ನನ್ನ ಪಟ್ಟಿ ಖಾಲಿ.
ಕೋರಿಕೆ: ಈ ಎನ್‌ಎಂಆರ್ ಯಾರ ಹೆಸರಿಗೆ ಜೋಡಣೆಯಾಗಿದೆ ಎಂದು ನೋಡಿ, ನನ್ನ ಹೆಸರಿಗೆ ಮಾಡಿಕೊಡಿ. 20 ಜನರೂ ಕೆಲಸದಲ್ಲಿದ್ದಾರೆ. ಇಂದಿನ ಹಾಜರಿಯನ್ನು ಹೇಗೆ ದಾಖಲಿಸಬೇಕೆಂದು ತಿಳಿಸಿ.
ಲಗತ್ತು: ಖಾಲಿ ಪಟ್ಟಿಯ ಸ್ಕ್ರೀನ್‌ಶಾಟ್, ಎನ್‌ಎಂಆರ್ ಪ್ರತಿಯ ಫೋಟೋ.

ನೋಡಿದಿರಾ, ಇದರಲ್ಲಿ ದೂರು ಕಡಿಮೆ, ಗುರುತು ಹೆಚ್ಚು. ಓದಿದವರು ಎನ್‌ಎಂಆರ್ ಸಂಖ್ಯೆ ಹಾಕಿ ಹುಡುಕಿದರೆ, ಅದು ಹಿಂದಿನ ಕಾಯಕ ಬಂಧುವಿನ ಹೆಸರಿನಲ್ಲೇ ಉಳಿದಿದೆಯೇ ಎಂದು ಬೇಗ ತಿಳಿಯುತ್ತದೆ. ಹಾಗಿದ್ದರೆ ಅಲ್ಲಿಂದಲೇ ಬದಲಿಸಬೇಕು, ನಮ್ಮ ಮೊಬೈಲಿನಲ್ಲಿ ಏನು ಒತ್ತಿದರೂ ಸರಿಯಾಗದು. "ಬೇರೆ ಮೊಬೈಲಿನಲ್ಲೂ ಖಾಲಿ" ಎಂಬ ಒಂದೇ ಸಾಲು ಅವರ ಕೆಲಸ ಅರ್ಧ ಕಡಿಮೆ ಮಾಡುತ್ತದೆ.

ಪ್ರತಿಯನ್ನು ಪಿಡಿಒ ಅವರಿಗೂ ಕಳಿಸಿ. ಪಾಸ್‌ವರ್ಡ್, ಓಟಿಪಿ, ಕೂಲಿಕಾರರ ಆಧಾರ್ ಸಂಖ್ಯೆ ಮೇಲ್‌ನಲ್ಲಿ ಬರೆಯಲೇಬೇಡಿ. ದೋಷ ಹುಡುಕಲು ಅವು ಬೇಕಾಗುವುದಿಲ್ಲ.

ಉತ್ತರ ಬರುವ ತನಕ

ಕೂಲಿಕಾರರ ಹೆಸರು, ಬಂದ ಹೊತ್ತು ಪುಸ್ತಕದಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳಿ. ಪಿಡಿಒ ಅವರಿಗೆ ಫೋನ್ ಮಾಡಿ ಹೇಳಿ. ಅನಿವಾರ್ಯ ಕಾರಣದಿಂದ ಆ್ಯಪ್‌ನಲ್ಲಿ ಹಾಜರಿ ಏರಿಸಲಾಗದಿದ್ದರೆ ವಿನಾಯಿತಿ ಕೊಡುವ ಅಧಿಕಾರ ಎನ್‌ಎಂಎಂಎಸ್ ನಿಯಮದಲ್ಲಿ ಜಿಲ್ಲಾ ಕಾರ್ಯಕ್ರಮ ಸಂಯೋಜಕರಿಗಿತ್ತು. ತಾಲ್ಲೂಕಿನಲ್ಲಿ ಕೆಲಸವಾಗದಿದ್ದರೆ ಅದೇ ಮೇಲನ್ನು ಬಳ್ಳಾರಿಯ ಜಿಲ್ಲಾ ಪಂಚಾಯಿತಿಗೆ ಕಳಿಸಬಹುದು. ಅಲ್ಲಿ ನಮ್ಮ ಪರವಾಗಿ ಮಾತಾಡುವುದು ಆ ದಿನವೇ ಕಳಿಸಿದ ಮೇಲ್ ಮತ್ತು ಆ ಪುಸ್ತಕ. ವಾರ ಬಿಟ್ಟು ಹೇಳಿದರೆ ನಂಬಿಸುವುದು ಕಷ್ಟ.

"ಇವತ್ತೊಂದಿನ ಬೇರೆ ಎನ್‌ಎಂಆರ್‌ನಲ್ಲಿ ಫೋಟೋ ಹಾಕಿಬಿಡು" ಎಂಬ ಮಾತಿಗೆ ಮಾತ್ರ ಒಪ್ಪಬೇಡಿ. ಸಂಬಂಧವಿಲ್ಲದ ಫೋಟೋ, ಫೋಟೋದ ಫೋಟೋ, ತಾಳೆಯಾಗದ ಜನಸಂಖ್ಯೆ, ಇವನ್ನೆಲ್ಲ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ 2025ರ ಜುಲೈ ಸುತ್ತೋಲೆಯಲ್ಲಿ ದುರ್ಬಳಕೆ ಎಂದೇ ಹೆಸರಿಸಿತು. ಕಚೇರಿಯ ಜೋಡಣೆಯ ದೋಷ ಆಗ ಕಾಯಕ ಬಂಧುವಿನ ತಪ್ಪಾಗಿ ಬಿಡುತ್ತದೆ.

ಪಟ್ಟಿ ಬಂದ ಮೇಲೆ ಸಂಖ್ಯೆ, ಅವಧಿ, 20 ಹೆಸರು ಎಲ್ಲ ಇವೆಯೇ ಎಂದು ತಾಳೆ ನೋಡಿ, "ಬಂದಿದೆ, 20 ಹೆಸರೂ ಇವೆ, ಬೆಳಗಿನ ಹಾಜರಿ ಮಾತ್ರ ಬಾಕಿ" ಎಂದು ಅದೇ ಮೇಲ್‌ಗೆ ಉತ್ತರಿಸಿ. ಬಾಕಿ ಹೇಳದೆ ಬರೀ ಧನ್ಯವಾದ ಬರೆದರೆ ದೂರು ಮುಗಿಯಿತೆಂದು ಮುಚ್ಚಿಬಿಡಬಹುದು.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಉದ್ಯೋಗ ಖಾತರಿಯ ಜಾಗಕ್ಕೆ ವಿಬಿ-ಜಿ ರಾಮ್ ಜಿ ಎಂಬ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಅದರಲ್ಲಿಯೂ ಮೊಬೈಲ್ ಮೂಲಕ ಕೆಲಸದ ನಿಗಾ ಇದೆ. ಆ್ಯಪ್‌ನ ಹೆಸರು ಏನೇ ಇರಲಿ, ಮೇಲ್‌ನಲ್ಲಿ ಇರಬೇಕಾದದ್ದು ಇವೇ ನಾಲ್ಕು: ಯಾರು, ಏನು ಬರಬೇಕಿತ್ತು, ಏನು ಬಂತು, ಏನೇನು ನೋಡಿದ್ದೇವೆ.

ಸಂಘದ ಸಭೆಯಲ್ಲಿ ಮಾಡಿ ನೋಡಲು

1. ನಿಮ್ಮ ಮೊಬೈಲಿನಲ್ಲಿ ಸ್ಕ್ರೀನ್‌ಶಾಟ್ ತೆಗೆದು ಮೇಲ್‌ಗೆ ಲಗತ್ತಿಸುವುದನ್ನು ಒಬ್ಬರು ಇನ್ನೊಬ್ಬರಿಗೆ ಕಲಿಸಿರಿ.
2. "ನನ್ನ ಆ್ಯಪ್ ಹಾಳಾಗಿದೆ" ಎಂಬ ಒಂದು ಸಾಲನ್ನು ಮೇಲಿನ ನಾಲ್ಕು ಅಂಶ ಸೇರಿಸಿ ತಿದ್ದಿ ಬರೆಯಿರಿ.