ಬೋರ್ಡಿನ ಫೋಟೋದಿಂದ ತರಕಾರಿ ಲೆಕ್ಕ: ಕೆಜಿನಾ, ಒಂದಕ್ಕಾ?

ಹಾಸ್ಟೆಲಲ್ಲಿ ನಾವೇ ಸಾಂಬಾರ್ ಮಾಡೋಣ ಅಂತ ತೀರ್ಮಾನ ಆದ ದಿನ ಒಂದು ಕೆಲಸ ಖಾಯಂ. ಒಬ್ಬರು ಮಾರ್ಕೆಟ್‌ಗೆ ಹೋಗಿ ದರದ ಬೋರ್ಡಿನ ಫೋಟೋ ಗ್ರೂಪಿಗೆ ಹಾಕ್ತಾರೆ, ಉಳಿದವರು ರೂಮಲ್ಲಿ ಕೂತು ಒಟ್ಟು ಎಷ್ಟಾಗುತ್ತೆ ಅಂತ ಹೇಳ್ಬೇಕು. ಉದಾಹರಣೆಗೆ ಇಂಥ ಒಂದು ಬೋರ್ಡ್ ತಗೊಳ್ಳೋಣ:

ಟೊಮೆಟೊ 1 ಕೆಜಿ – 30
ಈರುಳ್ಳಿ 1 ಕೆಜಿ – 40
ಬೀನ್ಸ್ ¼ – 20
ಹೂಕೋಸು ಒಂದಕ್ಕೆ – 35
ನುಗ್ಗೆಕಾಯಿ ಒಂದಕ್ಕೆ – 5
ಕೊತ್ತಂಬರಿ ಕಟ್ಟು – 15
ನಿಂಬೆಹಣ್ಣು 3ಕ್ಕೆ – 10

ಬಲಗಡೆಯ ಅಂಕಿಗಳನ್ನೆಲ್ಲ ಕೂಡಿದರೆ 155 ಬರುತ್ತೆ. ಆದರೆ ಈ 155ಕ್ಕೆ ಅರ್ಥ ಇಲ್ಲ. ಬೋರ್ಡಿನಲ್ಲಿರೋದು ಬೆಲೆ ಅಲ್ಲ, ದರ. 30 ಅಂದ್ರೆ ಬರೀ 30 ರೂಪಾಯಿ ಅಲ್ಲ, 'ಕೆಜಿಗೆ 30 ರೂಪಾಯಿ'. 35 ಅಂದ್ರೆ 'ಒಂದು ಹೂವಿಗೆ 35 ರೂಪಾಯಿ'. ಗಂಟೆಗೆ 40 ಕಿ.ಮೀ. ವೇಗಕ್ಕೆ ಲೀಟರಿಗೆ 45 ಕಿ.ಮೀ. ಮೈಲೇಜ್ ಕೂಡಿಸಿದ ಹಾಗೆ ಇದು. ಛೇದದಲ್ಲಿರುವ ಯೂನಿಟ್ ಬೇರೆ ಆದ್ರೆ ಕೂಡೋಕೆ ಬರಲ್ಲ.

ಹಾಗಾದ್ರೆ ಕೂಡೋದು ಯಾವಾಗ? ಪ್ರತಿ ಸಾಲಿನಲ್ಲೂ ದರವನ್ನ ನಮಗೆ ಬೇಕಾದ ಪ್ರಮಾಣದಿಂದ ಗುಣಿಸಿದ ಮೇಲೆ. ಆಗ ಕೆಜಿಗೆ ಕೆಜಿ, ಕಟ್ಟಿಗೆ ಕಟ್ಟು ಹೊಡೆದುಹೋಗಿ ಎಲ್ಲ ಸಾಲಿನಲ್ಲೂ ಬರೀ ರೂಪಾಯಿ ಉಳಿಯುತ್ತೆ. ಫಿಸಿಕ್ಸ್ ಲ್ಯಾಬಲ್ಲಿ ಮಾಡುವ ಯೂನಿಟ್ ಚೆಕ್ ಇದೇ.

ನಮ್ಮ ಪಟ್ಟಿ: ಟೊಮೆಟೊ 2 ಕೆಜಿ, ಈರುಳ್ಳಿ ಒಂದೂವರೆ ಕೆಜಿ, ಬೀನ್ಸ್ ಮುಕ್ಕಾಲು ಕೆಜಿ, ಹೂಕೋಸು ಒಂದೂವರೆ ಕೆಜಿ, ನುಗ್ಗೆಕಾಯಿ 6, ಕೊತ್ತಂಬರಿ 2 ಕಟ್ಟು, ನಿಂಬೆಹಣ್ಣು 8. ಹದಿನೈದು ಜನ ತಲಾ 20 ಹಾಕಿದ್ದಾರೆ, ಕೈಯಲ್ಲಿ 300 ರೂಪಾಯಿ ಇದೆ.

ನಾಲ್ಕು ಸಾಲು ಸಲೀಸು. ಟೊಮೆಟೊ 60, ಈರುಳ್ಳಿ 60, ನುಗ್ಗೆಕಾಯಿ 30, ಕೊತ್ತಂಬರಿ 30. ಒಟ್ಟು 180. ಉಳಿದ ಮೂರರಲ್ಲೇ ಇರೋದು ಮಜಾ.

ಬೀನ್ಸ್: 20 ಅನ್ನೋದು ದೊಡ್ಡದಾಗಿ, ¼ ಮೂಲೆಯಲ್ಲಿ ಚಿಕ್ಕದಾಗಿ ಇರುತ್ತೆ. ಅದು ಕಾಲು ಕೆಜಿ ದರ. ಮುಕ್ಕಾಲು ಕೆಜಿಯಲ್ಲಿ ಮೂರು ಕಾಲು, ಅಂದ್ರೆ 60 ರೂಪಾಯಿ. ¼ ಕಾಣದೆ ಕೆಜಿಗೆ 20 ಅಂತ ಓದಿದರೆ 15 ಬರುತ್ತೆ, 45 ರೂಪಾಯಿ ಕಡಿಮೆ. ಪಕ್ಕದ ಈರುಳ್ಳಿಯೇ ಕೆಜಿಗೆ 40 ಇರುವಾಗ ಬೀನ್ಸ್ ಅದರ ಅರ್ಧ ಬೆಲೆಗಾ ಅಂತ ಅನುಮಾನ ಬಂದ್ರೆ ಫೋಟೋ ಜೂಮ್ ಮಾಡಿ.

ನಿಂಬೆಹಣ್ಣು: 10 ÷ 3 × 8 ಮಾಡಿದರೆ 26.67. ಕ್ಯಾಲ್ಕುಲೇಟರಿಗೆ ಇದು ಸರಿ, ಅಂಗಡಿಯಲ್ಲಿ ನಡೆಯಲ್ಲ. ಮೂರರ ಲೆಕ್ಕದಲ್ಲಿ ಮಾರುವವರ ಹತ್ರ 8 ಬೇಕಂದ್ರೆ ಮೂರು ಸಲ ಮೂರು, ಅಂದ್ರೆ 9 ಹಣ್ಣಿಗೆ 30 ರೂಪಾಯಿ. ಬಿಡಿಯಾಗಿ ಕೊಡ್ತಾರಾ ಅಂತ ಕೇಳೋವರೆಗೂ ಮೇಲಕ್ಕೇ ರೌಂಡ್ ಮಾಡಿ.

ಹೂಕೋಸು: ಇದೇ ಗಟ್ಟಿ ಸಾಲು. ದರ ಇರೋದು ಒಂದಕ್ಕೆ, ನಮಗೆ ಬೇಕಿರೋದು ಕೆಜಿಯಲ್ಲಿ. 35 × 1.5 = 52.50 ಅಂತ ಬರೆದರೆ ಯೂನಿಟ್ ಹೊಡೆದುಹೋಗಲ್ಲ. ನಡುವೆ ಒಂದು ಸೇತುವೆ ಬೇಕು: ಒಂದು ಹೂವು ಎಷ್ಟು ತೂಗುತ್ತೆ? ಅದು ಬೋರ್ಡಿನಲ್ಲಿ ಇಲ್ಲ, ಎಷ್ಟು ಜೂಮ್ ಮಾಡಿದರೂ ಸಿಗಲ್ಲ. ಹೂವು 750 ಗ್ರಾಂ ಇದ್ದರೆ ಎರಡು ಸಾಕು, 70 ರೂಪಾಯಿ. 500 ಗ್ರಾಂ ಇದ್ದರೆ ಮೂರು ಬೇಕು, 105 ರೂಪಾಯಿ. ಮಾರ್ಕೆಟಲ್ಲಿ ಇರುವವರು ಒಂದು ಹೂವನ್ನ ತಕ್ಕಡಿಗೆ ಇಟ್ಟು ನೋಡಿದರೆ ಮಾತ್ರ ಯಾವುದು ಅಂತ ಗೊತ್ತಾಗೋದು.

ಈಗ ಕೂಡೋಣ: 180 + 60 + 30 + 70 = 340. ಹೂವು ಚಿಕ್ಕದಾದರೆ 375. ಫೋಟೋ ಒಂದರಿಂದಲೇ ಸಿಗೋ ಪ್ರಾಮಾಣಿಕ ಉತ್ತರ '340ರಿಂದ 375ರ ಒಳಗೆ'. ಹೂವು ದೊಡ್ಡದಿದ್ದು ಬೀನ್ಸ್ ತಪ್ಪಾಗಿ ಓದಿದ್ರೆ ಉತ್ತರ 295 ಬರ್ತಿತ್ತು, 300 ಸಾಕು ಅಂತ ಮೆಸೇಜ್ ಹೋಗ್ತಿತ್ತು. ಹೋದವರು ಅಂಗಡಿ ಮುಂದೆ 40 ರೂಪಾಯಿ ಸಾಲದೆ ಏನನ್ನೋ ವಾಪಸ್ ಇಡಬೇಕಾಗ್ತಿತ್ತು.

ಸ್ಪ್ರೆಡ್‌ಶೀಟಲ್ಲಿ ಮಾಡೋರು ದರಕ್ಕೊಂದು, ಪ್ರಮಾಣಕ್ಕೊಂದು ಕಾಲಂ ಮಾಡಿ ಹೀಗೆ ಹಾಕ್ತಾರೆ:

```
=SUMPRODUCT(B2:B8,C2:C8)
```

ಇದು ಗುಣಿಸಿ ಕೂಡುತ್ತೆ, ಆದರೆ ಯೂನಿಟ್ ನೋಡಲ್ಲ. ಹೂಕೋಸಿನ 35ನ್ನ 1.5ರಿಂದ ಗುಣಿಸೋಕೂ ಅದು ಹಿಂದೆಮುಂದೆ ನೋಡಲ್ಲ. ಅದಕ್ಕೆ ದರದ ಪಕ್ಕ ಒಂದು, ಪ್ರಮಾಣದ ಪಕ್ಕ ಒಂದು ಯೂನಿಟ್ ಕಾಲಂ ಇಟ್ಟು, ಎರಡೂ ಒಂದೇ ಇದೆಯಾ ಅಂತ ಸಾಲು ಸಾಲಾಗಿ ನಾವೇ ನೋಡ್ಬೇಕು.

ಫೋಟೋ ತೆಗೆಯೋರಿಗೂ ಒಂದು ಮಾತು. ಬೋರ್ಡಿನ ತಲೆಭಾಗ ಕಟ್ ಮಾಡಬೇಡಿ. ಕೆಲವೊಮ್ಮೆ '1 ಕೆಜಿಗೆ' ಅಂತ ಮೇಲೆ ಒಂದೇ ಸಲ ಬರೆದಿರ್ತಾರೆ. ಕನ್ನಡ ಅಂಕಿ ಇದ್ದರೆ ೬ ಮತ್ತು ೯ ಮಸುಕಾದ ಫೋಟೋದಲ್ಲಿ ಒಂದೇ ಥರ ಕಾಣುತ್ತೆ, ಹತ್ತಿರದಿಂದ ಇನ್ನೊಂದು ತೆಗೀರಿ. '20/-' ಅನ್ನೋದರ ಗೀಟು 1ರ ಹಾಗೆ ಕಂಡು 201 ಆಗಬಾರದು. ಹೂಕೋಸಿನ ತೂಕವನ್ನೂ ಅದೇ ಮೆಸೇಜಲ್ಲಿ ಕಳಿಸಿದ್ರೆ, ರೂಮಲ್ಲಿ ಕೂತವರು ಒಂದೇ ಅಂಕಿ ಹೇಳಬಹುದು.