‘ಸೋಡಾಬುಡ್ಡಿ’ ಅಂದವನಿಗೆ ಏನು ಹೇಳಬೇಕು?

ಪ್ರಶ್ನೆ: ನಾವು ಹಲಸೂರಿನವರು. ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಈ ವರ್ಷ ಕನ್ನಡಕ ಬಂತು, ಪವರ್ ಜಾಸ್ತಿ. ಅಲ್ಲಿಂದ ಮೈದಾನದಲ್ಲಿ ಕ್ರಿಕೆಟ್ ಆಡೋ ಹುಡುಗರು ‘ಸೋಡಾಬುಡ್ಡಿ’, ‘ಬ್ಯಾಟ್ರಿ’ ಅಂತ ರೇಗಿಸುತ್ತಾರೆ. ಇವನು ಅಟ್ಟಿಸಿಕೊಂಡು ಹೋಗುತ್ತಾನೆ, ಸಿಗದಿದ್ದರೆ ಅಳುತ್ತಾ ಮನೆಗೆ ಬರುತ್ತಾನೆ. ಈಗಂತೂ ಆಡಲು ಹೋಗುವಾಗ ಕನ್ನಡಕ ತೆಗೆದು ಚಡ್ಡಿ ಜೇಬಿಗೆ ತುರುಕಿಕೊಳ್ಳುತ್ತಾನೆ. ಒಂದು ಕಡ್ಡಿ ಆಗಲೇ ಸೊಟ್ಟಗಾಗಿದೆ. ಅವರಪ್ಪ ‘ಎರಡು ಬಿಟ್ಟು ಬಾ’ ಅಂತಾರೆ, ನಾನು ‘ತಲೆಗೆ ಹಾಕ್ಕೋಬೇಡ ಬಿಡು’ ಅಂತೀನಿ. ಎರಡೂ ಉಪಯೋಗಕ್ಕೆ ಬಂದಿಲ್ಲ. ಆ ಹುಡುಗರ ಮನೆಗೇ ಹೋಗಿ ಮಾತಾಡಲೇ?
— ಒಬ್ಬ ತಾಯಿ

ಉತ್ತರ: ಸದ್ಯಕ್ಕೆ ಹೋಗಬೇಡಿ. ಅಮ್ಮ ಬಂದು ಜಗಳ ಮಾಡಿದಳು ಅನ್ನುವುದು ಮರುದಿನ ಇನ್ನೊಂದು ಗೇಲಿಗೆ ದಾರಿಯಾಗುತ್ತದೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ‘ಅಟ್ಟಿಸಿಕೊಂಡು ಹೋಗುತ್ತಾನೆ’ ಅನ್ನುವ ಮಾತು. ಆ ಹುಡುಗರಿಗೆ ಬೇಕಾಗಿರುವುದು ಅದೇ. ಒಂದು ಪದ ಕೂಗಿದರೆ ಒಬ್ಬ ಕೆಂಪಗಾಗಿ ಮೈದಾನವೆಲ್ಲ ಓಡಾಡುತ್ತಾನೆ, ಕೊನೆಗೆ ಅಳುತ್ತಾನೆ. ಕ್ರಿಕೆಟ್‌ನಲ್ಲಿ ತಮ್ಮ ಸರದಿ ಬರುವವರೆಗೆ ಇದಕ್ಕಿಂತ ಒಳ್ಳೆಯ ಆಟ ಅವರಿಗೆ ಸಿಗುವುದಿಲ್ಲ. ಕನ್ನಡಕ ಬರೀ ನೆಪ. ಅದು ಇಲ್ಲದಿದ್ದರೆ ಕಿವಿಯನ್ನೋ ಟಿಫನ್ ಡಬ್ಬಿಯನ್ನೋ ಹಿಡಿದುಕೊಳ್ಳುತ್ತಿದ್ದರು.

‘ತಲೆಗೆ ಹಾಕ್ಕೋಬೇಡ’ ಅನ್ನುವುದು ದೊಡ್ಡವರಿಗೇ ಕಷ್ಟ. ಮಗುವಿಗೆ ಏನು ಮಾಡಬಾರದು ಅಂತ ಹೇಳಿದರೆ ಸಾಲದು, ಆ ಎರಡು ಸೆಕೆಂಡಿನಲ್ಲಿ ಏನು ಮಾಡಬೇಕು ಅಂತ ಹೇಳಿಕೊಡಬೇಕು. ಅಮೆರಿಕದ ಮನಃಶಾಸ್ತ್ರಜ್ಞ ಫ್ರೆಡ್ ಫ್ರಾಂಕಲ್ ಮಕ್ಕಳಿಗೆ ಸ್ನೇಹ ಕಲಿಸುವ ತರಗತಿಗಳಲ್ಲಿ ಒಂದು ಸರಳ ನಿಯಮ ಇಟ್ಟುಕೊಂಡಿದ್ದರು: ಗೇಲಿ ಮಾಡಿದವನನ್ನು ಗೇಲಿ ಮಾಡಬೇಡ, ಅವನ ಗೇಲಿಯನ್ನು ಗೇಲಿ ಮಾಡು. ‘ನೀನೇನು ಕಮ್ಮಿ, ಆನೆ ಮರಿ’ ಅಂದರೆ ಜಗಳ ಬೆಳೆಯುತ್ತದೆ. ‘ಇದನ್ನ ನಿನ್ನೆನೇ ಹೇಳಿದ್ದೆಯಲ್ಲೋ, ಹೊಸದು ಇಲ್ವಾ?’ ಅಂದರೆ ಎದುರಿನವನಿಗೆ ಮುಂದೆ ಏನು ಮಾಡಬೇಕೋ ತೋಚುವುದಿಲ್ಲ. ಅವನಿಗೆ ಅವಮಾನವೂ ಆಗಿಲ್ಲ, ಬೇಕಾದ ಮಜವೂ ಸಿಕ್ಕಿಲ್ಲ.

ಇಂಥ ಎರಡು ಮೂರು ಮಾತುಗಳನ್ನು ನಿಮ್ಮ ಮಗನೇ ಆರಿಸಿಕೊಳ್ಳಲಿ. ನೀವು ಬರೆದುಕೊಟ್ಟರೆ ಅದು ಪದ್ಯ ಒಪ್ಪಿಸಿದ ಹಾಗೆ ಕೇಳಿಸುತ್ತದೆ. ಮೈದಾನದಲ್ಲಿ ಅವನು ಯಾವ ಭಾಷೆ ಆಡುತ್ತಾನೋ ಅದರಲ್ಲೇ ಇರಬೇಕು. ನಿಮ್ಮ ಹಲಸೂರಿನಲ್ಲಿ ಕನ್ನಡ ತಮಿಳು ಎರಡೂ ಕಲೆಸಿಕೊಂಡು ಆಡುವ ಹುಡುಗರೇ ಹೆಚ್ಚು, ಆದ್ದರಿಂದ ಹುಬ್ಬೇರಿಸಿ ‘ಅಪ್ಪಡಿಯಾ?’ ಅಂದುಬಿಟ್ಟರೂ ಸಾಕು. ‘ಸೋಡಾನಾ? ನಿಂಬೆಹಣ್ಣು ತಂದಿದ್ದೀಯಾ?’ ಅನ್ನಬಹುದು. ಬರೀ ‘ಆಮೇಲೆ?’ ಅಂತ ಕೇಳುವುದೂ ಚೆನ್ನಾಗಿ ನಾಟುತ್ತದೆ. ಮಾತು ಚುರುಕಾಗಿಯೇ ಇರಬೇಕು ಅಂತಿಲ್ಲ, ಚಿಕ್ಕದಾಗಿದ್ದರೆ ಸಾಕು. ಒಂದು ಎಚ್ಚರಿಕೆ ಮಾತ್ರ ಇರಲಿ. ‘ಹೌದು, ನಾನೇ ಸೋಡಾಬುಡ್ಡಿ’ ಅಂತ ತನ್ನನ್ನೇ ತಾನು ಆಡಿಕೊಳ್ಳುವುದನ್ನು ಕಲಿಸಬೇಡಿ. ಕೆಲವರು ಅದನ್ನು ಜಾಣತನ ಅನ್ನುತ್ತಾರೆ, ನನಗೆ ಒಪ್ಪಿಗೆಯಿಲ್ಲ. ಒಂಬತ್ತು ವರ್ಷದವನ ಬಾಯಲ್ಲಿ ಅದು ಅಂಟಿಕೊಳ್ಳುತ್ತದೆ, ಹೈಸ್ಕೂಲಿನವರೆಗೂ ಅದೇ ಹೆಸರು ಉಳಿಯಬಹುದು.

ಈಗ ಅಭ್ಯಾಸ. ಸಂಜೆ ಅವನು ಖುಷಿಯಾಗಿರುವಾಗ ಐದು ನಿಮಿಷ ಸಾಕು. ಅತ್ತು ಬಂದ ದಿನ ಬೇಡ. ಅವರಪ್ಪ ರೇಗಿಸುವ ಹುಡುಗನ ಪಾತ್ರ ಮಾಡಲಿ, ಎರಡು ಬಿಟ್ಟು ಬಾ ಅನ್ನುವವರಿಗೂ ಒಂದು ಕೆಲಸ ಸಿಗುತ್ತದೆ. ಮೊದಲು ‘ಲೋ ಟೊಮ್ಯಾಟೋ’ ಅಂತ ಅರ್ಥವಿಲ್ಲದ ಹೆಸರಿನಿಂದ ಶುರು ಮಾಡಿ. ಅದಕ್ಕೆ ನಗುತ್ತಾ ಉತ್ತರಿಸಲು ಬಂದ ಮೇಲೆ ನಿಜವಾದ ಹೆಸರಿಗೆ ಬನ್ನಿ. ಗಮನಿಸಬೇಕಾದ್ದು ಪದಗಳನ್ನಲ್ಲ, ದನಿಯನ್ನು. ದನಿ ಏರಿದರೆ, ಮುಷ್ಟಿ ಬಿಗಿಯಾದರೆ, ಅದೇ ‘ಆಮೇಲೆ?’ ಬೈಗುಳವಾಗುತ್ತದೆ. ‘ಊಟಕ್ಕೆ ಏನು?’ ಅಂತ ಕೇಳುವಷ್ಟು ಸಪ್ಪೆಯಾಗಿ ಹೇಳಿಸಿ.

ಹೇಳಿದ ಮೇಲೆ ಅಲ್ಲೇ ನಿಂತು ಉತ್ತರಕ್ಕೆ ಕಾಯಬಾರದು. ಒಂದು ಸಲ ಹೇಳಿ ತಿರುಗಿಬಿಡಬೇಕು. ಎಲ್ಲಿಗೆ ತಿರುಗಬೇಕು ಅನ್ನುವುದು ಮುಖ್ಯ. ಮನೆ ಕಡೆಗೆ ಬಂದರೆ ಅದು ಓಡಿಹೋದಂತೆ, ಮೈದಾನ ಅವರದಾಯಿತು. ತಿರುಗಬೇಕಾದ್ದು ಆಟದ ಕಡೆಗೆ: ‘ನೆಕ್ಸ್ಟ್ ಓವರ್ ಯಾರದು?’ ಅಂತ ಕೇಳುತ್ತಾ ಬೌಲರ್ ಹತ್ತಿರ ಹೋಗಲಿ, ಇಲ್ಲವೇ ಪರಿಚಯದ ಹುಡುಗನ ಪಕ್ಕ ನಿಲ್ಲಲಿ. ಅಂಥ ಒಬ್ಬ ಗೆಳೆಯ ಇದ್ದರೆ ಅರ್ಧ ಗೆದ್ದಂತೆ. ಕೆನಡಾದಲ್ಲಿ ಶಾಲಾ ಮೈದಾನದ ದೃಶ್ಯಗಳನ್ನು ಚಿತ್ರೀಕರಿಸಿ ನೋಡಿದ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಪ್ರಕಾರ, ಪಕ್ಕದ ಮಗುವೊಂದು ನಡುವೆ ಬಂದಾಗ ಅರ್ಧಕ್ಕೂ ಹೆಚ್ಚು ಸಲ ಪೀಡನೆ ಹತ್ತು ಸೆಕೆಂಡಿನೊಳಗೆ ನಿಂತಿತ್ತು. ಭಾನುವಾರ ಆ ಹುಡುಗರಲ್ಲಿ ಒಬ್ಬನನ್ನು ಮನೆಗೆ ಕರೆದು ಇಬ್ಬರಿಗೂ ದೋಸೆ ಹಾಕಿಕೊಡಿ. ಅವರಮ್ಮನ ಹತ್ತಿರ ದೂರು ಹೇಳುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಮೊದಲ ಕೆಲವು ದಿನ ರೇಗಿಸುವುದು ಕಡಿಮೆಯಾಗುವ ಬದಲು ಜಾಸ್ತಿಯಾಗಬಹುದು. ದಿನವೂ ಸಿಗುತ್ತಿದ್ದ ಮಜ ನಿಂತಾಗ ಹುಡುಗರು ಇನ್ನೂ ಜೋರಾಗಿ ಕೂಗಿ ನೋಡುತ್ತಾರೆ. ಎಷ್ಟೋ ತಂದೆ ತಾಯಿ ‘ಇದೂ ಪ್ರಯೋಜನವಿಲ್ಲ’ ಅಂತ ಕೈಬಿಡುವುದು ಇದೇ ಹಂತದಲ್ಲಿ. ಇದನ್ನು ಮಗನಿಗೂ ಮೊದಲೇ ಹೇಳಿಡಿ. ನಾಲ್ಕನೇ ದಿನ ಒಮ್ಮೆ ಅಟ್ಟಿಸಿಕೊಂಡು ಹೋದರೆ ಅವರ ಆಸೆ ಮತ್ತೆ ಚಿಗುರುತ್ತದೆ. ಎರಡು ಮೂರು ವಾರದಲ್ಲಿ ಕೂಗು ಕಡಿಮೆಯಾಗಿ, ಮಗ ಕನ್ನಡಕ ಹಾಕಿಕೊಂಡೇ ಆಡಲು ಹೋದರೆ ಸರಿದಾರಿಯಲ್ಲಿದ್ದೀರಿ. ಮನೆಗೆ ಬಂದ ಕೂಡಲೇ ‘ಇವತ್ತೂ ರೇಗಿಸಿದರಾ?’ ಅಂತ ಕೇಳಬೇಡಿ, ‘ಎಷ್ಟು ರನ್ ಹೊಡೆದೆ?’ ಅನ್ನಿ.

ಕನ್ನಡಕದ ವಿಷಯ ಬೇರೆಯಾಗಿಯೇ ನೋಡಬೇಕು. ಜೇಬಿನಲ್ಲಿಟ್ಟು ಆಡಿದರೆ ಚೆಂಡು ಕಾಣುವುದಿಲ್ಲ, ಕ್ಯಾಚ್ ಬಿಡುತ್ತಾನೆ, ಅದಕ್ಕೂ ಒಂದು ಹೆಸರು ಇಡುತ್ತಾರೆ. ಚೆಂಡು ಮುಖಕ್ಕೆ ಬೀಳುವ ಅಪಾಯ ಬೇರೆ. ಕಡ್ಡಿ ಸರಿಮಾಡಿಸಲು ಹೇಗೂ ಅಂಗಡಿಗೆ ಹೋಗುತ್ತೀರಲ್ಲ, ಸುಲಭವಾಗಿ ಒಡೆಯದ ಪಾಲಿಕಾರ್ಬೊನೇಟ್ ಲೆನ್ಸ್ ಮತ್ತು ತಲೆಯ ಹಿಂದೆ ಕಟ್ಟುವ ಪಟ್ಟಿ ಕೇಳಿ. ಆ ಲೆನ್ಸ್ ಮಾಮೂಲಿಗಿಂತ ತೆಳುವೂ ಹೌದು.

ಇದೆಲ್ಲ ಹೆಸರಿಟ್ಟು ಕೂಗುವುದಕ್ಕೆ ಮಾತ್ರ. ಯಾರಾದರೂ ತಳ್ಳಿದರೆ, ಕನ್ನಡಕ ಕಿತ್ತುಕೊಂಡರೆ, ಹೆದರಿಸಿದರೆ ತಮಾಷೆ ಮಾಡಲು ಹೋಗಬಾರದು. ಹೊಡೆಯುವವನನ್ನು ನಗಿಸಹೊರಟರೆ ಇನ್ನೆರಡು ಏಟು ಬೀಳುತ್ತದೆ. ಅಲ್ಲಿಂದ ನೇರ ದೊಡ್ಡವರ ಹತ್ತಿರ ಬರಲಿ, ಬಂದಾಗ ‘ಚಾಡಿ ಹೇಳಬೇಡ’ ಅನ್ನಬೇಡಿ. ಜಾತಿ, ಧರ್ಮ, ಅಂಗವೈಕಲ್ಯ ಹಿಡಿದು ಹೀಯಾಳಿಸಿದರೂ ಅಷ್ಟೇ, ಅದಕ್ಕೆ ಉತ್ತರಿಸುವ ಹೊಣೆ ಮಗುವಿನದಲ್ಲ. ನಾರ್ವೆಯ ಸಂಶೋಧಕ ಡಾನ್ ಓಲ್ವಿಯಸ್ ಶಾಲಾ ಪೀಡನೆಯನ್ನು ಗುರುತಿಸಲು ಮುಖ್ಯವಾಗಿ ನೋಡುತ್ತಿದ್ದದ್ದು ಎರಡು: ಮತ್ತೆ ಮತ್ತೆ ನಡೆಯುತ್ತಿದೆಯೇ, ಮಾಡುವವರ ಬಲ ಮಗುವಿನ ಕೈಮೀರಿದೆಯೇ. ಏಳನೇ ಕ್ಲಾಸಿನ ನಾಲ್ವರು ಸೇರಿ ದಿನವೂ ಒಬ್ಬನನ್ನೇ ಸುತ್ತುವರಿದರೆ ‘ಅಪ್ಪಡಿಯಾ?’ ಸಾಲುವುದಿಲ್ಲ. ಆಗ ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಬದಲಾಗುತ್ತದೆ: ಹೋಗಿ ಮಾತಾಡಿ, ಆದರೆ ಮಗನನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ. ಅದೇ ಹುಡುಗರು ಶಾಲೆಯಲ್ಲೂ ಇದ್ದರೆ ದಿನಾಂಕ, ಜಾಗ, ಆಡಿದ ಮಾತು ಬರೆದುಕೊಂಡು ಕ್ಲಾಸ್ ಟೀಚರ್‌ಗೆ ಕೊಡಿ. ಹೊಟ್ಟೆನೋವು ಅಂತ ಬೆಳಿಗ್ಗೆ ಏಳದಿರುವುದು, ನಿದ್ದೆ ಕೆಡುವುದು, ಆಡಲು ಹೋಗುವುದನ್ನೇ ನಿಲ್ಲಿಸುವುದು ಕಂಡರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.